ಐಸಿಯು ರೋಗಿಗೆ ಕೊಡುವ ಮಂಪರಿನ ಔಷಧಿಯನ್ನು ಬೆಳಿಗ್ಗೆ ನಿಲ್ಲಿಸುವುದೇಕೆ?

"ನಮ್ಮ ತಂದೆ ಮೈಸೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿ ನಾಲ್ಕು ದಿನದಿಂದ ವೆಂಟಿಲೇಟರ್ ಮೇಲಿದ್ದಾರೆ. ಪಂಪ್ ಹಾಕಿ ನಿದ್ದೆಯಲ್ಲಿ ಇಟ್ಟಿದ್ದಾರೆ, ಆದರೆ ದಿನಾ ಬೆಳಿಗ್ಗೆ ಅದನ್ನು ನಿಲ್ಲಿಸುತ್ತಾರೆ, ಆಗ ಒದ್ದಾಡುತ್ತಾರೆ. ಗುಣವಾಗುವವರೆಗೂ ಮಲಗಿಸಿಯೇ ಇಡಬಾರದೇ?"

ಮೈಸೂರಿನಲ್ಲಿ ಅರಿವಳಿಕೆ ತಜ್ಞನಾಗಿರುವ ನನಗೆ ಐಸಿಯು ಬಾಗಿಲಲ್ಲಿ ಮನೆಯವರು ಕೇಳುವ ಪ್ರಶ್ನೆಯೇ ಇದು. ಬಾಯಿಯಿಂದ ಶ್ವಾಸನಾಳಕ್ಕೆ ಇಳಿಸಿದ ಟ್ಯೂಬು ಗಂಟಲಲ್ಲಿ ಹಗಲೂ ರಾತ್ರಿ ಒತ್ತುತ್ತಿರುತ್ತದೆ. ರೋಗಿ ಕೆಮ್ಮುತ್ತಾರೆ, ಯಂತ್ರ ಗಾಳಿ ಒತ್ತುವಾಗ ತಾವು ಉಸಿರು ಬಿಡಲು ಹೋಗುತ್ತಾರೆ, ಕೈಗೆ ಸಿಕ್ಕರೆ ಟ್ಯೂಬನ್ನು ಕಿತ್ತುಕೊಳ್ಳುತ್ತಾರೆ. ಅದಕ್ಕಾಗಿ ನೋವಿಗೆ ಫೆಂಟನಿಲ್, ಮಂಪರಿಗೆ ಮಿಡಾಜೊಲಾಮ್, ಪ್ರೊಪೊಫಾಲ್ ಅಥವಾ ಡೆಕ್ಸ್‌ಮೆಡೆಟೊಮಿಡಿನ್ ಕೊಡುತ್ತೇವೆ. ಇವನ್ನು ಆಗಾಗ ಇಂಜೆಕ್ಷನ್ ಆಗಿ ಕೊಟ್ಟರೆ, ಕೊಟ್ಟ ಕೂಡಲೇ ಬಿಪಿ ಕುಸಿಯಬಹುದು, ಪ್ರಭಾವ ಇಳಿದಾಗ ರೋಗಿ ಗಾಬರಿಯಿಂದ ಎದ್ದು ಕೂರಬಹುದು. ಸಿರಿಂಜ್ ಪಂಪು ಗಂಟೆಗೆ ಎರಡೋ ಮೂರೋ ಎಂಎಲ್ ಲೆಕ್ಕದಲ್ಲಿ ಸಮನಾಗಿ ಹರಿಸುವುದರಿಂದ ಈ ಏರಿಳಿತ ತಪ್ಪುತ್ತದೆ.

ಆದರೆ ಸಮನಾಗಿ ಹರಿಯುವ ಔಷಧಿ ದೇಹದಿಂದ ಅದೇ ವೇಗದಲ್ಲಿ ಹೊರಹೋಗಬೇಕೆಂದೇನೂ ಇಲ್ಲ. ಮಿಡಾಜೊಲಾಮ್ ದಿನಗಟ್ಟಲೆ ಹರಿದರೆ ಕೊಬ್ಬಿನಲ್ಲಿ ಶೇಖರವಾಗುತ್ತದೆ, ಅದು ಒಡೆದು ಉಂಟಾಗುವ ವಸ್ತುವಿಗೂ ಮಂಪರು ತರಿಸುವ ಗುಣವಿದೆ, ಮತ್ತು ಆ ವಸ್ತು ಹೊರಹೋಗಬೇಕಾದುದು ಮೂತ್ರಪಿಂಡದ ಮೂಲಕ. ಪಂಪಿನ ಅಂಕಿ ನಿನ್ನೆಯದೇ ಆಗಿದ್ದರೂ ರೋಗಿ ಇಂದು ಹೆಚ್ಚು ಆಳದಲ್ಲಿರಬಹುದು, ಮತ್ತು ಅದು ನಿಲ್ಲಿಸಿ ನೋಡುವವರೆಗೆ ಯಾರಿಗೂ ತಿಳಿಯುವುದಿಲ್ಲ.

ಮಂಡ್ಯದ ಕಡೆಯ, ಅರವತ್ತರ ಆಸುಪಾಸಿನ ಒಬ್ಬ ಕಬ್ಬಿನ ಬೆಳೆಗಾರರು ನ್ಯುಮೋನಿಯಾದಿಂದ ನಮ್ಮಲ್ಲಿ ವೆಂಟಿಲೇಟರ್ ಮೇಲಿದ್ದರು. ಮೂರನೆಯ ದಿನ ಬೆಳಿಗ್ಗೆ ಎಂಟಕ್ಕೆ, ಗಂಟೆಗೆ 4 ಮಿಲಿಗ್ರಾಂ ಹೋಗುತ್ತಿದ್ದ ಮಿಡಾಜೊಲಾಮನ್ನು ಪೂರ್ತಿ ನಿಲ್ಲಿಸಿ, ಫೆಂಟನಿಲನ್ನು ಅರ್ಧಕ್ಕೆ ಇಳಿಸಿದೆವು. ಹತ್ತಾದರೂ ಕಣ್ಣು ತೆರೆಯಲಿಲ್ಲ, ಮಧ್ಯಾಹ್ನವೂ ಇಲ್ಲ. ಪಾರ್ಶ್ವವಾಯು ಆಗಿರಬಹುದೇ ಎಂಬ ಆತಂಕ ನಮಗೂ ಇತ್ತು. ಆದರೆ ಎರಡೂ ಕಣ್ಣಿನ ಪಾಪೆಗಳು ಸಮನಾಗಿದ್ದವು, ಕಫ ಹೀರುವಾಗ ಕೆಮ್ಮುತ್ತಿದ್ದರು, ಚಿವುಟಿದರೆ ಎರಡೂ ಕೈಗಳನ್ನು ಸಮನಾಗಿ ಎಳೆದುಕೊಳ್ಳುತ್ತಿದ್ದರು. ಮೂತ್ರಪಿಂಡದ ಕೆಲಸ ಕುಂದಿದಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಮಾತ್ರ 2.6ಕ್ಕೆ ಏರಿತ್ತು. ಔಷಧಿ ಇನ್ನೂ ಒಳಗೇ ಇದೆ ಎಂದುಕೊಂಡು ಕಾದೆವು. ಮರುದಿನ ಬೆಳಗಿನ ಆರಕ್ಕೆ ಮಗ ಹತ್ತಿರ ಬಾಗಿ, "ಅಪ್ಪಾ, ಕಣ್ ಬುಡು, ನಾನು ಬಂದಿವ್ನಿ" ಎಂದಾಗ ರೆಪ್ಪೆ ನಿಧಾನವಾಗಿ ಮೇಲೆದ್ದಿತು, ನೋಟ ಮಗನ ಮುಖದ ಮೇಲೆ ನಿಂತಿತು, ಕೈ ಹಿಸುಕಿ ಎಂದರೆ ಹಿಸುಕಿದರು.

ಎಂಟೂವರೆ ಹೊತ್ತಿಗೆ ಅವರ ಉಸಿರು ನಿಮಿಷಕ್ಕೆ 38ಕ್ಕೆ ಏರಿ, ಬೆವರಿ, ತಲೆ ಅತ್ತಿತ್ತ ಹೊರಳಿಸತೊಡಗಿದರು. ನೀವು ನೋಡುತ್ತಿರುವ ಒದ್ದಾಟ ಇಂಥದ್ದೇ ಇರಬೇಕು. ಉಸಿರು 35 ದಾಟಿ ಐದು ನಿಮಿಷ ಹಾಗೆಯೇ ಉಳಿದರೆ, ರಕ್ತದ ಆಮ್ಲಜನಕ ಶೇಕಡ 88ಕ್ಕಿಂತ ಕೆಳಗಿಳಿದರೆ, ಎದೆಬಡಿತದ ಲಯ ತಪ್ಪಿದರೆ, ಆ ದಿನದ ಪ್ರಯತ್ನವನ್ನು ಅಲ್ಲಿಗೆ ಬಿಟ್ಟು, ಸಾಮಾನ್ಯವಾಗಿ ಹಿಂದಿನ ಪ್ರಮಾಣದ ಅರ್ಧದಿಂದ ಔಷಧಿಯನ್ನು ಮತ್ತೆ ಆರಂಭಿಸುತ್ತೇವೆ. ಇವರಿಗೆ ಮಿಡಾಜೊಲಾಮ್ ಕೈಬಿಟ್ಟು ಡೆಕ್ಸ್‌ಮೆಡೆಟೊಮಿಡಿನ್ ಹಾಕಿದೆವು. ಅದರಲ್ಲಿ ರೋಗಿ ತೂಕಡಿಸುತ್ತಿದ್ದರೂ ಕರೆದರೆ ಕಣ್ಣು ಬಿಡುತ್ತಾರೆ. ನಾಡಿ ನಿಧಾನವಾಗಬಹುದಾದ್ದರಿಂದ ಮಾನಿಟರಿನ ಮೇಲೆ ಕಣ್ಣಿಡಬೇಕಾಗುತ್ತದೆ. ಅದರ ಮರುದಿನ ಅವರು ವೆಂಟಿಲೇಟರಿನ ಒತ್ತಾಸೆ ಬಹಳ ಕಡಿಮೆ ಇಟ್ಟಾಗ ಅರ್ಧ ಗಂಟೆ ತಾವೇ ಸಮಾಧಾನವಾಗಿ ಉಸಿರಾಡಿದರು, ಟ್ಯೂಬು ತೆಗೆದೆವು. ಪ್ರತಿದಿನ ಎಬ್ಬಿಸಿ ನೋಡುವುದರ ಲಾಭವೇ ಇದು: ಉಸಿರಾಟದ ಈ ಪರೀಕ್ಷೆಗೆ ರೋಗಿ ಎಂದು ಸಿದ್ಧರೆಂದು ಆಳವಾದ ನಿದ್ದೆಯಲ್ಲಿ ಗೊತ್ತಾಗುವುದಿಲ್ಲ. ಶಿಕಾಗೊ ವಿಶ್ವವಿದ್ಯಾಲಯದಲ್ಲಿ 128 ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನವೂ ಔಷಧಿ ನಿಲ್ಲಿಸಿದ ಗುಂಪು ವೆಂಟಿಲೇಟರ್ ಮೇಲೆ ಕಳೆದ ಅವಧಿಯ ಮಧ್ಯಾಂಕ, ದಿನವೂ ನಿಲ್ಲಿಸದ ಗುಂಪಿನ 7.3 ದಿನಗಳ ಬದಲು 4.9 ದಿನಗಳಿಗೆ ಇಳಿದಿತ್ತು. ಆದರೆ ಮೊದಲಿನಿಂದಲೂ ಹಗುರವಾದ ಮಂಪರಿನಲ್ಲೇ ಇಟ್ಟ ರೋಗಿಗಳಲ್ಲಿ ಪೂರ್ತಿ ನಿಲ್ಲಿಸುವುದರಿಂದ ಹೆಚ್ಚುವರಿ ಲಾಭ ಕಾಣಲಿಲ್ಲವೆಂದು ಮುಂದಿನ ಒಂದು ಅಧ್ಯಯನ ಹೇಳಿತು. ನನ್ನ ಅಭಿಪ್ರಾಯದಲ್ಲಿ ಮುಖ್ಯವಾದುದು ಮಂಪರು ಹಗುರವಾಗಿರುವುದು.

ಎಲ್ಲರಿಗೂ ಹೀಗೆ ನಿಲ್ಲಿಸುವುದಿಲ್ಲ. ಫಿಟ್ಸ್ ಬರುತ್ತಿರುವವರಿಗೆ, ಮೆದುಳಿನ ಒತ್ತಡ ಏರಿರುವವರಿಗೆ, ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧಿ ಹೋಗುತ್ತಿರುವವರಿಗೆ, ಕುಡಿತ ಹಠಾತ್ತಾಗಿ ನಿಂತು ನಡುಕ ಶುರುವಾದವರಿಗೆ ಮುಂದುವರಿಸಲೇಬೇಕು. ನಿಮ್ಮ ತಂದೆಯವರಿಗೆ ದಿನನಿತ್ಯ ಕುಡಿಯುವ ಅಭ್ಯಾಸವಿದ್ದರೆ ದಯವಿಟ್ಟು ಸಂಕೋಚಪಡದೆ ಇಂದೇ ವೈದ್ಯರಿಗೆ ಹೇಳಿ. ಕನ್ನಡಕವೋ ಶ್ರವಣಯಂತ್ರವೋ ಇದ್ದರೆ ಸಿಸ್ಟರ್ ಕೈಗೆ ಕೊಟ್ಟು, ಬೆಳಿಗ್ಗೆ ಔಷಧಿ ಇಳಿಸುವ ಹೊತ್ತಿಗೆ ನಿಮ್ಮಲ್ಲೊಬ್ಬರು ಪಕ್ಕದಲ್ಲಿರಲು ಅನುಮತಿ ಕೇಳಿ.