ಒದ್ದೆ ಶೂ ಒಳಗಿನ ಪೇಪರ್

“ಸರ್, ಕಥೆ ಕಳಿಸಿದ್ದೇನೆ. ಮದುವೆಯಾಗಿ ಹನ್ನೊಂದು ವರ್ಷವಾದರೂ ಗಂಡ ಮನಸ್ಸಿನ ಮಾತು ಹೇಳಲ್ಲ. ಅವನಿಗೆ ತನ್ನ ಮೇಲೆ ಆಸಕ್ತಿಯೇ ಹೋಗಿದೆ ಅಂತ ಕೊನೆಗೆ ಹೆಂಡತಿಗೆ ಗೊತ್ತಾಗುತ್ತೆ. ಮುಲಾಜಿಲ್ಲದೆ ಹೇಳಿ.”

ಭಾಷೆ ಚೆನ್ನಾಗಿದೆ. ಸಂಭಾಷಣೆಯೂ ಸಹಜವಾಗಿದೆ. ಆದರೆ ಕೊನೆಯ ಪುಟ ಓದಿ ಬಂದ ಸಿಟ್ಟು ಎರಡು ದಿನ ಇಳಿಯಲಿಲ್ಲ.

‘ಅವನಿಗೆ ನಾನು ಬೇಡವಾಗಿದ್ದೇನೆ ಎಂಬುದು ಖಚಿತವಾಯಿತು.’ ಯಾವುದರಿಂದ ಖಚಿತವಾಯಿತು? ಮೂರನೇ ಪುಟ ತೆಗೆಯಿರಿ. ‘ಬೆಳಿಗ್ಗೆ ನೋಡಿದರೆ ನನ್ನ ಒದ್ದೆ ಶೂ ಒಳಗೆ ಹಳೇ ಪೇಪರ್ ತುರುಕಿತ್ತು.’ ಇದನ್ನು ನೀವೇ ಬರೆದು, ನೀವೇ ಓದದೆ ಮುಂದೆ ಹೋಗಿದ್ದೀರಿ. ರಾತ್ರಿ ಎದ್ದು ಪೇಪರ್ ತುರುಕಿದವನು ಯಾರು? ಐದನೇ ಪುಟದಲ್ಲಿ ಅಪ್ಪ ತೀರಿಕೊಂಡಾಗ ಅವನು ಸ್ವಂತ ತಮ್ಮನ ಹತ್ತಿರವೂ ಬಾಯಿ ಬಿಡಲ್ಲ. ಅಂದರೆ ಎಲ್ಲರ ಹತ್ತಿರವೂ, ಮೊದಲಿಂದಲೂ ಹಾಗೆಯೇ. ಇದು ಬಿಗುಮಾನ. ಆಸಕ್ತಿ ಹೋದವನ ಲಕ್ಷಣ ಬೇರೆ. ‘ಇವತ್ತೂ ಮ್ಯಾನೇಜರ್ ಬೈದ್ನಾ?’ ಅಂತ ದಿನಾ ಕೇಳುತ್ತಿದ್ದವನು ಕೇಳುವುದು ಬಿಡುತ್ತಾನೆ. ಫೋನಿನಲ್ಲಿ ಗೆಳೆಯರ ಜೊತೆ ನಗುತ್ತಾನೆ, ಇಟ್ಟ ತಕ್ಷಣ ಮುಖ ಮುಚ್ಚಿಕೊಳ್ಳುತ್ತೆ. ತನ್ನ ವಿಷಯ ಹೇಳದಿರುವುದು ಬೇರೆ, ಅವಳ ವಿಷಯ ಕೇಳದಿರುವುದು ಬೇರೆ ಅಲ್ವಾ?

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ನೋಡಿದ್ದೂ ಇದನ್ನೇ. ‘ನೋಡು, ಹಕ್ಕಿ ಬಂದಿದೆ’ ಅನ್ನುವಂಥ ಸಣ್ಣ ಕರೆಗೆ ಜೊತೆಗಾರರು ತಿರುಗುತ್ತಾರಾ ಅಂತ ಹೊಸ ಜೋಡಿಗಳಲ್ಲಿ ಎಣಿಸಿದರು. ಆರು ವರ್ಷದ ನಂತರವೂ ಜೊತೆಗಿದ್ದವರು 100ರಲ್ಲಿ 86 ಸಲ ತಿರುಗಿದ್ದರು. ಬೇರೆಯಾದವರು 33 ಸಲ. ನಿಮ್ಮ ನಾಯಕ ತಿರುಗುತ್ತಾನಾ, ಇಲ್ಲವಾ? ಕಥೆಯಲ್ಲಿ ಒಂದು ಹಕ್ಕಿಯೂ ಬರಲ್ಲ.

ಆರನೇ ಪುಟ: ‘ಏನು ಯೋಚನೆ ಹೇಳು ಹೇಳು ಎಂದು ಎದುರಿಗೆ ಕೂತೆ. ಅವನು ಬಾಲ್ಕನಿಗೆ ಹೋದ.’ ಇದನ್ನು ಸಾಕ್ಷಿಯಂತೆ ಇಟ್ಟಿದ್ದೀರಿ. ಸಾಕ್ಷಿಯಲ್ಲ. ಒಬ್ಬರು ಕೆದಕಿದಷ್ಟೂ ಇನ್ನೊಬ್ಬರು ಸರಿಯುತ್ತಾರೆ, ಸರಿದಷ್ಟೂ ಇವರು ಕೆದಕುತ್ತಾರೆ. ಬಿಗುಮಾನದವನೂ ಎದ್ದು ಹೋಗುತ್ತಾನೆ, ಬೇಡವಾದವನೂ ಹೋಗುತ್ತಾನೆ. ಆಮೇಲೆ ಏನಾಯಿತು ಅನ್ನೋದು ಮುಖ್ಯ. ಅಂಥವರು ಎದುರು ಕೂತರೆ ಮಾತಾಡಲ್ಲ. ಗಾಡಿ ಓಡಿಸುವಾಗಲೋ, ಕರೆಂಟ್ ಹೋದಾಗಲೋ ಅರ್ಧ ವಾಕ್ಯ ಹೇಳಿಬಿಡುತ್ತಾರೆ. ಅವನನ್ನು ಬಾಲ್ಕನಿಯಲ್ಲೇ ಬಿಟ್ಟು ನೀವು ಪ್ಯಾರಾ ಮುಗಿಸಿದ್ದೀರಿ.

ನನಗೇಕೆ ಇಷ್ಟು ಸಿಟ್ಟು ಅಂದರೆ, ಇಪ್ಪತ್ತಮೂರನೇ ವಯಸ್ಸಿನಲ್ಲಿ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದಾಗ ನಾನೂ ಇದೇ ತಪ್ಪು ಮಾಡಿದ್ದೆ. ‘ಅಪ್ಪನಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲ’ ಅಂತ ಬರೆದಿದ್ದೆ. ನಮ್ಮ ಹಿರಿಯರು ಅದರ ಕೆಳಗೆ ಕೆಂಪು ಶಾಯಿಯಲ್ಲಿ ‘ಬಸ್ ಚಾರ್ಜ್ ಯಾರು ಕೊಟ್ಟರು?’ ಅಂತ ಗೀಚಿದರು. ಎರಡು ಪುಟದ ಹಿಂದೆ ಅಪ್ಪ ಪ್ರತಿ ಸೋಮವಾರ ಚಿಲ್ಲರೆ ಎಣಿಸಿ ನನ್ನ ಜೇಬಿಗೆ ಹಾಕುವುದು ಬಂದಿತ್ತು. ಮೂರು ತಿಂಗಳು ಆ ಹಿರಿಯರ ಜೊತೆ ಟೀಗೆ ಹೋಗಲಿಲ್ಲ.

ಹಾಗಂತ ಪೇಪರ್ ತುರುಕಿದ ಮಾತ್ರಕ್ಕೆ ಅವಳ ಒಂಟಿತನ ಸುಳ್ಳಾಗಲ್ಲ. ಅವಳಿಗೆ ಬೇಕಿರುವುದು ಮಾತು, ಒಣಗಿದ ಶೂ ಅಲ್ಲ. ಆ ಕಥೆ ಇನ್ನೂ ಕಷ್ಟದ್ದು. ಆರನೇ ಪುಟದಿಂದ ಮತ್ತೆ ಬರೆಯಿರಿ. ಶೂ ಇನ್ನೊಂದು ಸಲ ನೆನೆಯಲಿ. ಈ ಸಲ ಅವಳು ಎಚ್ಚರವಾಗಿರಲಿ.