ಒಂದೇ ಲೋಟ, ಒಂದೇ ಮರಳು, ಆದರೂ ತಕ್ಕಡಿ ವಾಲಿತು

ಪ್ರಶ್ನೆ: ಎರಡೂ ಕಡೆ ಒಂದೇ ಅಳತೆಯ ಲೋಟ, ಎರಡರಲ್ಲೂ ತುಂಬ ಮರಳು. ಆದರೂ ತಕ್ಕಡಿ ಸಮ ನಿಲ್ಲಲಿಲ್ಲ. ಎರಡನೇ ತರಗತಿ ಮಕ್ಕಳ ಎದುರು ಮುಜುಗರವಾಯಿತು. ಅವರಿಗೆ ಗೊತ್ತಾಗದ ಹಾಗೆ ಒಂದು ಕಡೆಯಿಂದ ಸ್ವಲ್ಪ ಮರಳು ತೆಗೆದುಬಿಡಬಹುದಾ?

ಬೇಡ. ದಯವಿಟ್ಟು ಬೇಡ. ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ನನಗೆ ಬೇಜಾರಾಗುತ್ತದೆ, ಯಾಕೆಂದರೆ ಆ ದಿನದ ಪಾಠ ಇದ್ದದ್ದೇ ಆ ವಾಲಿದ ತಕ್ಕಡಿಯಲ್ಲಿ.

ಮೊದಲು ತಪ್ಪು ತಕ್ಕಡಿಯದೋ ಮರಳಿನದೋ ಎಂದು ತಿಳಿಯಬೇಕು. ಎರಡು ಲೋಟಗಳನ್ನು ಅದಲುಬದಲು ಮಾಡಿ. ಎಡಕ್ಕಿದ್ದ ಲೋಟ ಬಲಕ್ಕೆ, ಬಲಕ್ಕಿದ್ದದ್ದು ಎಡಕ್ಕೆ. ಲೋಟದ ಜೊತೆಗೇ ವಾಲುವ ಕಡೆಯೂ ಬದಲಾದರೆ ಲೋಟಗಳ ತೂಕದಲ್ಲೇ ವ್ಯತ್ಯಾಸವಿದೆ. ಯಾವ ಲೋಟ ಇಟ್ಟರೂ ಅದೇ ಕಡೆ ಕೆಳಗಿಳಿದರೆ ತಕ್ಕಡಿ ಸರಿಯಿಲ್ಲ.

"ಖಾಲಿ ಇದ್ದಾಗ ಸಮ ಇತ್ತಲ್ವಾ?" ಎಂದು ಕೇಳುವವರಿದ್ದಾರೆ. ಅದನ್ನೊಂದೇ ನಂಬಬೇಡಿ. ಬಟ್ಟೆ ಹ್ಯಾಂಗರಿಗೋ ಕೋಲಿಗೋ ದಾರ ಕಟ್ಟಿ ಮಾಡಿದ ತಕ್ಕಡಿಯಲ್ಲಿ ಒಂದು ದಾರ ನಡುವಿನಿಂದ ತುಸು ದೂರ ಸರಿದಿರುತ್ತದೆ. ಹಗುರವಾದ ಕಡೆ ಜೇಡಿಮಣ್ಣು ಅಂಟಿಸಿ ಖಾಲಿ ತಕ್ಕಡಿಯನ್ನು ಸಮ ಮಾಡಿರುತ್ತೀರಿ. ಮರಳು ಇಟ್ಟ ಕೂಡಲೇ ದೂರದ ಕಡೆ ಮತ್ತೆ ಇಳಿಯುತ್ತದೆ. ಜೇಡಿಮಣ್ಣು ಇದನ್ನು ಸರಿ ಮಾಡುವುದಿಲ್ಲ. ನಡುವಿನಿಂದ ಎರಡೂ ದಾರಗಳ ದೂರವನ್ನು ಸ್ಕೇಲಿನಿಂದ ಅಳೆದು ಒಂದೇ ಮಾಡಿ. ದಾರ ಜಾರದಂತೆ ಅಲ್ಲಿ ಸಣ್ಣ ಕಚ್ಚು ಹಾಕಿ.

ಈಗ ಮರಳಿನ ವಿಷಯ. ಒಂದು ಮಗು ಮರಳನ್ನು ಮೆಲ್ಲಗೆ ಸುರಿಯುತ್ತದೆ. ಇನ್ನೊಂದು ತುಂಬುತ್ತಲೇ ಲೋಟವನ್ನು ಮೇಜಿಗೆ ಕುಟ್ಟುತ್ತದೆ. ಕುಟ್ಟಿದಾಗ ಕಾಳುಗಳು ಒತ್ತೊತ್ತಾಗಿ ಕೂರುತ್ತವೆ, ಮೇಲೆ ಜಾಗವಾಗುತ್ತದೆ, ಆ ಜಾಗಕ್ಕೆ ಇನ್ನಷ್ಟು ಮರಳು ಹೋಗುತ್ತದೆ. ಎರಡೂ ಲೋಟ ತುಂಬಿವೆ, ಆದರೆ ಕುಟ್ಟಿದ್ದರಲ್ಲಿ ಮರಳು ಜಾಸ್ತಿ. ಗುಡ್ಡೆಯಾಗಿ ತುಂಬಿದರೂ ಇದೇ ಗತಿ. ಹಾಗಾಗಿ ಸುರಿದ ಮೇಲೆ ಸ್ಕೇಲಿನ ಅಂಚಿನಿಂದ ಬಾಯಿಮಟ್ಟಕ್ಕೆ ಸವರಬೇಕು, ಒತ್ತಬಾರದು.

ಮರಳು ಒದ್ದೆಯಿದ್ದರೆ ಗೊಂದಲ ಇನ್ನೂ ಹೆಚ್ಚು. ಸ್ವಲ್ಪ ತೇವವಾದ ಮರಳನ್ನು ಸಡಿಲವಾಗಿ ಸುರಿದರೆ ಅದು ಉಬ್ಬಿ ಕೂರುತ್ತದೆ. ಕಾಳುಗಳ ನಡುವೆ ಗಾಳಿ ಜಾಸ್ತಿ ಇರುವುದರಿಂದ ಆ ಲೋಟ ಒಣ ಮರಳಿನ ಲೋಟಕ್ಕಿಂತ ಹಗುರವೂ ಆಗಬಹುದು. ಒಂದು ಹಿಡಿ ಮರಳನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ. ಉಂಡೆಯಾಗಿ ನಿಂತರೆ ಬಿಸಿಲಿಗೆ ಹರವಿ, ಅವತ್ತು ಬೇರೆ ಪಾಠ ಮಾಡಿ.

ನಾನು ಮಾಡಿಸುವುದು ಹೀಗೆ. ಒಂದೇ ಥರದ ಎರಡು ಲೋಟ. ಎರಡರಲ್ಲೂ ಒಣ ಮರಳು ಸುರಿದು ಸವರುತ್ತೇವೆ. ತಕ್ಕಡಿ ಹೆಚ್ಚುಕಡಿಮೆ ಸಮ ನಿಲ್ಲುತ್ತದೆ. ಆಮೇಲೆ ಒಂದು ಲೋಟವನ್ನು ಕೆಳಗಿಳಿಸಿ, ಹತ್ತು ಸಲ ಮೆಲ್ಲಗೆ ಕುಟ್ಟುತ್ತೇವೆ. ಮರಳಿನ ಮಟ್ಟ ಇಳಿಯುತ್ತದೆ. ಇಲ್ಲಿ ನಿಲ್ಲಿಸಿ ಕೇಳಿ: "ಈಗ ತೂಕ ಕಡಿಮೆಯಾಯಿತಾ?" ಬಹಳ ಮಕ್ಕಳು ಹೌದು ಅನ್ನುತ್ತಾರೆ. ಲೋಟವನ್ನು ತಕ್ಕಡಿಗೇ ಇಡಿ, ಮೊದಲಿನಂತೆಯೇ ನಿಲ್ಲುತ್ತದೆ. ಏನೂ ಚೆಲ್ಲಿಲ್ಲವಲ್ಲ! ನಂತರ ಖಾಲಿಯಾದ ಜಾಗವನ್ನು ತುಂಬಿ ಸವರಿ ಇಡಿ. ಈಗ ಆ ಕಡೆ ಇಳಿಯುತ್ತದೆ. ಎಷ್ಟು ಜಾಸ್ತಿ ಎಂದು ತಿಳಿಯಲು ಇನ್ನೊಂದು ಕಡೆಗೆ ಒಂದೊಂದೇ ಗೋಲಿ ಹಾಕುತ್ತಾ ಹೋಗಿ.

ಕೊನೆಗೆ ಅದೇ ಲೋಟಗಳಲ್ಲಿ ಒಂದಕ್ಕೆ ಮರಳು, ಇನ್ನೊಂದಕ್ಕೆ ಹತ್ತಿ. ಎರಡೂ ತುಂಬಿವೆ, ಒಂದು ದಡಕ್ಕನೆ ಇಳಿಯುತ್ತದೆ. ಲೋಟ ಎಷ್ಟು ಹಿಡಿಯುತ್ತದೆ ಅನ್ನುವುದು ಲೋಟದ ವಿಷಯ. ಎಷ್ಟು ತೂಗುತ್ತದೆ ಅನ್ನುವುದಕ್ಕೆ ಒಳಗೇನಿದೆ, ಹೇಗೆ ತುಂಬಿದೆ ಅನ್ನುವುದೂ ಸೇರುತ್ತದೆ. ಇದನ್ನು ನೀವು ಹೇಳಬೇಡಿ, ಮಕ್ಕಳ ಬಾಯಿಂದಲೇ ಬರಲಿ.

ಪ್ರಶ್ನೆ: ಉದ್ದ ಲೋಟದಲ್ಲೇ ಜಾಸ್ತಿ ಹಿಡಿಯುತ್ತದೆ ಎಂದು ನನ್ನ ಮಗಳು ಹಟ ಹಿಡಿಯುತ್ತಾಳೆ. ಎಷ್ಟು ಸಲ ಹೇಳಿಕೊಡಲಿ?

ಹೇಳಿಕೊಡುವುದನ್ನು ನಿಲ್ಲಿಸಿ. ಒಂದು ಪುಟ್ಟ ಮುಚ್ಚಳ ಕೊಡಿ, ಎರಡೂ ಲೋಟವನ್ನು ಅದರಿಂದಲೇ ತುಂಬಿ ಎಣಿಸಲಿ. ಈ ವಯಸ್ಸಿನಲ್ಲಿ ಕಣ್ಣು ಎತ್ತರವನ್ನೇ ನೋಡುವುದು ಸಹಜ.

ಪ್ರಶ್ನೆ: ಡಿಜಿಟಲ್ ತೂಕದ ಯಂತ್ರ ತಂದರೆ ಬೇಗ ಮುಗಿಯುತ್ತದಲ್ವಾ?

ಬೇಗ ಮುಗಿಯುತ್ತದೆ, ಮಗು ಅಂಕಿ ಓದುತ್ತದೆ, ತೂಕ ಹೋಲಿಸುವುದಿಲ್ಲ.

ಪ್ರಶ್ನೆ: ಗಣಿತ ಬೇಗ ಬರುತ್ತದೆ ಎಂದು ಒಬ್ಬರು ಬಣ್ಣದ ಮರಳಿನ ಕಿಟ್ ಮಾರುತ್ತಿದ್ದಾರೆ. ಕೊಳ್ಳಲಾ?

ಬಣ್ಣಕ್ಕೂ ತೂಕಕ್ಕೂ ಸಂಬಂಧವಿಲ್ಲ. ಇಂಥ ಮಾತು ಹೇಳಿ ಹೆತ್ತವರಿಂದ ಹಣ ಕೀಳುವುದು ತಪ್ಪು. ಜರಡಿ ಹಿಡಿದು ತೊಳೆದು ಒಣಗಿಸಿದ ಮರಳು ಸಾಕು. ಧೂಳಿರುವ ಮರಳನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೂ ಉಸಿರಿಗೂ ಹೋಗುತ್ತದೆ.