‘ನೋಡೂಣು ಕಾಕಾ’ ಅಂದಿದ್ದೇ ತೊಡಕಾಯಿತು

ಬ್ಯಾಡಗಿ ಸುತ್ತಲಿನ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್. ಅಲ್ಲಿ ಲೆಕ್ಕ ಬರೆಯುತ್ತಿದ್ದ 31ರ ಯುವಕನಿಗೆ ಈಚೆಗೆ ಮ್ಯಾನೇಜರ್ ಹುದ್ದೆ ಸಿಕ್ಕಿದೆ. ಕೈಕೆಳಗೆ ಎಂಟು ಹಮಾಲರು, ಹೆಚ್ಚಿನವರು ವಯಸ್ಸಿನಲ್ಲಿ ದೊಡ್ಡವರು. (ಗುರುತು ಸಿಗದಂತೆ ವಿವರ ಬದಲಿಸಿದೆ.)

ಹಿರಿಯ ಹಮಾಲರೊಬ್ಬರು ಬೀಗರ ಊರ ಜಾತ್ರೆಗೆಂದು ಸೋಮವಾರ ರಜೆ ಕೇಳಿದರು. ಅದು ಪೇಟೆಯ ದಿನ. ಮ್ಯಾನೇಜರ್ ‘ನೋಡೂಣು ಕಾಕಾ’ ಎಂದರು. ಕಾಕಾ ಅದನ್ನು ಒಪ್ಪಿಗೆ ಎಂದುಕೊಂಡು ಬೀಗರಿಗೆ ಮಾತು ಕೊಟ್ಟರು. ರವಿವಾರ ಸಂಜೆ ‘ಆಗೂದಿಲ್ಲ’ ಅಂದಾಗ ಜಗಳ ಹತ್ತಿತು. ಆಮೇಲೆ ಮ್ಯಾನೇಜರ್ ನಮ್ಮನ್ನು ಕೇಳಿದ್ದು ಎರಡು ಪ್ರಶ್ನೆ.

‘ದೊಡ್ಡವರಿಗೆ ಇಲ್ಲ ಅನ್ನೂದು ಹ್ಯಾಂಗ್ರಿ?’

ಇಲ್ಲಿ ನೋಯಿಸಿದ್ದು ನಿರಾಕರಣೆಯಲ್ಲ, ತಡ. ಹಾಜರಿ ಪುಸ್ತಕ ನೋಡಬೇಕಿದ್ದರೆ ‘ಸಂಜೆ 5ಕ್ಕ ಹೇಳ್ತೀನಿ’ ಎಂದು ಹೊತ್ತು ಗೊತ್ತು ಮಾಡಿ, ಆ ಹೊತ್ತಿಗೆ ಹೇಳಿಬಿಡಿ. ಉಳಿದವರ ಎದುರು ಬೇಡ. ಮೊದಲು ಉತ್ತರ, ಆಮೇಲೆ ಒಂದೇ ಕಾರಣ, ಕೊನೆಗೆ ಏನು ಸಾಧ್ಯ ಎಂಬುದು: ‘ಕಾಕಾ, ಸೋಮವಾರ ರಜಾ ಕೊಡಾಕ ಆಗೂದಿಲ್ಲ. ಅವತ್ತ ಆಗಲೇ ಇಬ್ಬರು ರಜಾದಾಗ ಅದಾರ. ಶನಿವಾರ ಮಧ್ಯಾಹ್ನ ಹೋಗಿ ರವಿವಾರ ರಾತ್ರಿ ಬರ್ರಿ.’ ಮೂರು ಕಾರಣ ಕೊಟ್ಟರೆ ಎದುರಿನವರು ಸಡಿಲವಾದದ್ದನ್ನೇ ಹಿಡಿದು ಚೌಕಾಶಿಗೆ ಇಳಿಯುತ್ತಾರೆ. ‘ಸಾಹುಕಾರ್ರು ಒಲ್ಲೆ ಅಂತಾರ’ ಎಂದು ಜಾರಿಕೊಂಡರಂತೂ ಮುಂದಿನ ಸಲ ಅವರು ನೇರ ಸಾಹುಕಾರರ ಹತ್ತಿರವೇ ಹೋಗುತ್ತಾರೆ. ಎರಡು ದಿನ ಮಾರಿ ತಿರುವಿದರೂ ತಿರುವಲಿ. ರಮಿಸಲು ಹೋಗಿ ರಜೆ ಕೊಟ್ಟರೆ ಉಳಿದ ಏಳು ಮಂದಿ ಸಿಟ್ಟಿನ ಬೆಲೆ ಕಲಿಯುತ್ತಾರೆ. ಸಾವು, ಆಸ್ಪತ್ರೆಯ ಮಾತು ಬೇರೆ. ಅಲ್ಲಿ ಬದಲಿ ಆಳು ಹುಡುಕುವುದೇ ನಿಮ್ಮ ಕೆಲಸ.

‘ಸಾಹುಕಾರ್ರಿಗೆ?’

ಇನ್ನೊಂದು ದಿನ ಮಧ್ಯಾಹ್ನ 3ಕ್ಕೆ ಸಾಹುಕಾರರ ಫೋನು: ‘ಇನ್ನೂ 300 ಚೀಲ ಬರ್ತಾವು, ಇವತ್ತ ಒಳಗ ಹಾಕ್ಸು.’ ಇವರು ‘ಆತ್ರಿ’ ಎಂದರು, ಆಗಲಿಲ್ಲ, ಬೈಸಿಕೊಂಡರು. ಲೆಕ್ಕ ಕೂತು ಮಾಡಿದೆವು. ಅಂದು ಇದ್ದದ್ದು ಆರು ಮಂದಿ, ಗಂಟೆಗೆ ಸುಮಾರು 80 ಚೀಲ. 6ರೊಳಗೆ 240. ಅಂಗಳದಲ್ಲಿ ಆಗಲೇ 200 ಇದ್ದವು. ಅಂದರೆ ಹೊಸ ಚೀಲಗಳಲ್ಲಿ 40ಕ್ಕಷ್ಟೇ ಹೊತ್ತು.

ಮೇಲಿನವರಿಗೆ ಬರೀ ‘ಇಲ್ಲ’ ಸೋಮಾರಿತನದಂತೆ ಕೇಳುತ್ತದೆ. ಲೆಕ್ಕ ಒಪ್ಪಿಸಿ, ಆಯ್ಕೆ ಅವರಿಗೇ ಬಿಡಬೇಕು: ‘ಸಾಹುಕಾರ್ರ, 6ರ ತನಕ 240 ಚೀಲ ಆಗ್ತಾವು, ಅಂಗಳದಾಗ 200 ಅದಾವು. ಇನ್ನ ನಾಲ್ಕು ಹಮಾಲರನ್ನ ಕೊಟ್ರ 7ಕ್ಕ ಎಲ್ಲಾ ಮುಗಸ್ತೀವಿ. ಇಲ್ಲಾಂದ್ರ ಯಾವ್ದು ನಾಳಿಗೆ ಇಡೂಣು?’ ಅವರು ‘ಹೊಸಾವು ಮೊದಲು’ ಎಂದರೆ ಹಾಗೇ ಮಾಡಿ. ಆದರೆ ‘ನೀವು ಹೇಳಿದಂಗ ಹೊಸಾವು ಮೊದಲು, ಹಳೇವು ನಾಳೆ’ ಎಂದು ವಾಟ್ಸಾಪ್ ಹಾಕಿಡಿ. ಹಳೇ ಗಿರಾಕಿ ಬೆಳಿಗ್ಗೆ ಕೂಗಾಡುವಾಗ ಅದು ಬೇಕಾಗುತ್ತದೆ.

ಲಿಫ್ಟಿನ ಮಿತಿ ಮೀರಿ ಹೇರು ಎಂದರೆ ಮಾತ್ರ ಆಯ್ಕೆ ಕೊಡಬಾರದು. ಅಲ್ಲಿ ‘ಅದನ್ನ ಮಾಡಾಕ ಆಗೂದಿಲ್ರಿ’ ಎಂಬಲ್ಲಿಗೇ ಮಾತು ಮುಗಿಯಬೇಕು.